ಕರೆಂಟ್ ಬಿಲ್ ದಿಢೀರ್ ಏರಿತಾ? ಮೀಟರ್‌ನ ಕೆಂಪು ದೀಪವನ್ನೇ ಕೇಳಿ

ತಿಂಗಳಿಗೆ 140 ಯೂನಿಟ್ ಆಸುಪಾಸಿನಲ್ಲಿದ್ದ ಮನೆಗೆ ಒಂದು ತಿಂಗಳು 330 ಯೂನಿಟ್ ಬಂದಿದೆ ಅಂದುಕೊಳ್ಳಿ. ಮೊದಲು ಬೈಸಿಕೊಳ್ಳುವುದು ಮೀಟರ್. ಆಮೇಲೆ ರೀಡಿಂಗ್‌ಗೆ ಬಂದವರು. ಆದರೆ ಕಾರಣ ಮೂರರಲ್ಲಿ ಯಾವುದಾದರೂ ಇರಬಹುದು: ವೈರಿಂಗ್‌ನಲ್ಲಿ ಕರೆಂಟ್ ಸೋರುತ್ತಿರಬಹುದು, ಯಾವುದೋ ಉಪಕರಣ ಕೆಟ್ಟಿರಬಹುದು, ಅಥವಾ ನಿಜವಾಗಿಯೂ ಮೀಟರ್‌ದೇ ತಪ್ಪಿರಬಹುದು. ಮೂರನ್ನೂ ಬಿಡಿಸಿ ನೋಡಲು ಒಂದು ಬಿಡುವಿನ ಬೆಳಿಗ್ಗೆ ಸಾಕು. ಬೇಕಾಗಿರುವುದು ಮೊಬೈಲ್‌ನ ಸ್ಟಾಪ್‌ವಾಚ್, ಒಂದು ಪೆನ್ನು, ಜೊತೆಗೆ ಸ್ವಿಚ್ ಆನ್-ಆಫ್ ಮಾಡಲು ಮನೆಯಲ್ಲಿ ಇನ್ನೊಬ್ಬರು.

ಮೊದಲು ಬಿಲ್ ಚೀಟಿ ಓದಿ

ರೂಪಾಯಿ ನೋಡಬೇಡಿ, ಯೂನಿಟ್ ನೋಡಿ. ಗೃಹಜ್ಯೋತಿ ಇರುವ ಮನೆಗಳಲ್ಲಂತೂ ಇದು ತುಂಬಾ ಮುಖ್ಯ. 2022-23ರಲ್ಲಿ ಸರಾಸರಿ 140 ಯೂನಿಟ್ ಬಳಸಿದ ಮನೆಗೆ ಶೇ 10 ಸೇರಿಸಿ 154 ಯೂನಿಟ್ ಉಚಿತ. ಈ ತಿಂಗಳು 195 ಆದರೆ ಮೇಲಿನ 41 ಯೂನಿಟ್‌ಗೆ ಮಾತ್ರ ದುಡ್ಡು. 205 ಆದರೆ? 200 ದಾಟಿತಲ್ಲ, ಪೂರ್ತಿ 205ಕ್ಕೂ ಕಟ್ಟಬೇಕು. ಬಳಕೆ ಹತ್ತೇ ಯೂನಿಟ್ ಏರಿದರೂ ಬಿಲ್ ನೆಗೆದುಬಿಡುತ್ತದೆ, ಅದರಲ್ಲಿ ಮೀಟರ್‌ದೂ ತಪ್ಪಿಲ್ಲ, ವೈರಿಂಗ್‌ದೂ ತಪ್ಪಿಲ್ಲ.

ಆಮೇಲೆ ಹಿಂದಿನ ರೀಡಿಂಗ್, ಈಗಿನ ರೀಡಿಂಗ್, ಎರಡರ ತಾರೀಕು ನೋಡಿ. ರೀಡಿಂಗ್‌ಗೆ ಬರುವುದು ಐದಾರು ದಿನ ತಡವಾದರೆ ಅಷ್ಟು ದಿನದ ಬಳಕೆ ಇದೇ ಬಿಲ್‌ಗೆ ಬರುತ್ತದೆ. ಕಳೆದ ಸಲ ಬಾಗಿಲು ಹಾಕಿತ್ತು ಅಂತ ಸರಾಸರಿ ಹಾಕಿ ಬಿಲ್ ಕೊಟ್ಟಿದ್ದರೆ ಉಳಿದದ್ದೆಲ್ಲ ಈ ಸಲ ಒಟ್ಟಿಗೆ ಬಂದಿರುತ್ತದೆ. ಕೊನೆಗೆ ಮೀಟರ್ ಮುಂದೆ ನಿಂತು, ಪರದೆಯ ಮೇಲೆ ಒಂದಾದ ಮೇಲೊಂದು ಬರುವ ಅಂಕಿಗಳಲ್ಲಿ kWh ಅಂತ ಇರುವುದನ್ನೇ ಹಿಡಿದು ಬಿಲ್‌ಗೆ ಹೋಲಿಸಿ. ಅದು ಬಿಲ್‌ನಲ್ಲಿರುವುದಕ್ಕಿಂತ ಕಮ್ಮಿ ಇದ್ದರೆ ರೀಡಿಂಗ್ ತಪ್ಪಾಗಿದೆ, ಮುಂದಿನದ್ಯಾವುದೂ ಬೇಕಿಲ್ಲ. ಫೋಟೊ ತೆಗೆದುಕೊಂಡು ಉಪವಿಭಾಗದ ಕಚೇರಿಗೆ ಹೋದರೆ ಆಯಿತು.

ಏರಿಕೆಯನ್ನು ವಾಟ್‌ಗೆ ಇಳಿಸಿ

ನಮ್ಮ ಉದಾಹರಣೆಯ ಮನೆಯಲ್ಲಿ ಏರಿದ್ದು 190 ಯೂನಿಟ್. ದಿನಕ್ಕೆ 6.3 ಯೂನಿಟ್. ಹಗಲು-ರಾತ್ರಿ ಬಿಡದೆ ಹೋಗುತ್ತಿದ್ದರೆ ಅದು ಸುಮಾರು 260 ವಾಟ್. ಈ ಅಂಕಿ ನೆನಪಿಟ್ಟುಕೊಳ್ಳಿ, ನಾವು ಹುಡುಕುತ್ತಿರುವ ಕಳ್ಳನ ಗಾತ್ರ ಇಷ್ಟು.

ಈಗ ಮೀಟರ್ ಮುಖ ನೋಡಿ. 3200 imp/kWh ಅಥವಾ 1600 imp/kWh ಅಂತ ಎಲ್ಲೋ ಬರೆದಿರುತ್ತದೆ. ಅಂದರೆ ಒಂದು ಯೂನಿಟ್‌ಗೆ ಆ ಕೆಂಪು ದೀಪ ಅಷ್ಟು ಸಲ ಮಿನುಗುತ್ತದೆ. 3200 ಇರುವ ಮೀಟರ್ ಆದರೆ ಎರಡು ಮಿನುಗಿನ ನಡುವೆ ಎಷ್ಟು ಸೆಕೆಂಡ್ ಅಂತ ಅಳೆದು, 1125ನ್ನು ಅದರಿಂದ ಭಾಗಿಸಿ. ಬಂದದ್ದೇ ಆ ಹೊತ್ತಿನ ವಾಟ್. 1600ರ ಮೀಟರ್‌ಗೆ 1125ರ ಬದಲು 2250. ಒಂದೇ ಮಿನುಗು ಅಳೆದರೆ ತಪ್ಪುತ್ತದೆ, ಹತ್ತು ಅಳೆದು ಸರಾಸರಿ ತೆಗೆಯಿರಿ.

ಮೇನ್ ಆಫ್ ಮಾಡಿ ನೋಡಿ

ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ದೀಪ ಮಿನುಗುವುದು ನಿಲ್ಲಬೇಕು. ನಿಂತರೆ ಮೀಟರ್ ತಾನಾಗೇ ಓಡುತ್ತಿಲ್ಲ, ತೊಂದರೆ ಹೆಚ್ಚಾಗಿ ಮನೆಯ ಒಳಗೇ ಇರುತ್ತದೆ.

ನಿಲ್ಲಲಿಲ್ಲ ಅಂದರೆ ತಕ್ಷಣ ಮೀಟರ್ ಕೆಟ್ಟಿದೆ ಎನ್ನಬೇಡಿ, ಇಲ್ಲಿ ಇನ್ನೂ ಮೂರು ಸಾಧ್ಯತೆ ಇದೆ. ಒಂದು, ಮೀಟರ್ ಮತ್ತು ಮೇನ್ ನಡುವೆ ಯಾರೋ ತಂತಿ ಎಳೆದುಕೊಂಡಿರಬಹುದು. ಎರಡು, ಅಪಾರ್ಟ್‌ಮೆಂಟ್ ಅಥವಾ ನಾಲ್ಕೈದು ಬಾಡಿಗೆ ಮನೆಯಿರುವ ಕಟ್ಟಡದಲ್ಲಿ ಮೀಟರ್ ಅದಲುಬದಲಾಗಿರಬಹುದು. ನಿಮ್ಮ ಮೇನ್ ಆಫ್ ಮಾಡಿದಾಗ ಪಕ್ಕದ ಮೀಟರ್‌ನ ದೀಪ ನಿಂತರೆ ಅಲ್ಲಿಗೆ ಉತ್ತರ ಸಿಕ್ಕಿತು, ಬಿಲ್‌ನ ಆರ್‌ಆರ್ ನಂಬರ್ ಮತ್ತು ಮೀಟರ್ ಮೇಲಿನ ನಂಬರ್ ತಾಳೆ ನೋಡಿ.

ಮೂರನೆಯದು ಎಷ್ಟೋ ಎಲೆಕ್ಟ್ರಿಷಿಯನ್‌ಗಳಿಗೂ ಹೊಳೆಯುವುದಿಲ್ಲ. ಈಗಿನ ಸಿಂಗಲ್ ಫೇಸ್ ಮೀಟರ್‌ಗಳು ಮನೆಗೆ ಕರೆಂಟ್ ತರುವ ಫೇಸ್ ತಂತಿಯ ಕರೆಂಟನ್ನೂ ಅಳೆಯುತ್ತವೆ, ಅದನ್ನು ವಾಪಸ್ ಒಯ್ಯುವ ನ್ಯೂಟ್ರಲ್ ತಂತಿಯದ್ದನ್ನೂ ಅಳೆಯುತ್ತವೆ. ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತವೆ. ಕಳ್ಳತನ ತಡೆಯಲು ಮಾಡಿದ ಏರ್ಪಾಡು ಇದು. ಆದರೆ ಒಂದೇ ಕಟ್ಟಡದ ಎರಡು ಮನೆಗಳ ನ್ಯೂಟ್ರಲ್ ಎಲ್ಲೋ ಒಂದು ಕಡೆ ಸೇರಿಕೊಂಡಿದ್ದರೆ, ಪಕ್ಕದ ಮನೆಯ ಗೀಸರ್ ಕರೆಂಟ್ ನಿಮ್ಮ ನ್ಯೂಟ್ರಲ್ ಮೂಲಕ ವಾಪಸ್ ಹೋಗುತ್ತದೆ, ನಿಮ್ಮ ಮೀಟರ್ ಅದನ್ನು ನಿಮ್ಮದೇ ಅಂತ ಬರೆದುಕೊಳ್ಳುತ್ತದೆ. ನಿಮ್ಮ ಮೇನ್ ಸ್ವಿಚ್ ಫೇಸ್ ಮಾತ್ರ ಕತ್ತರಿಸುವಂಥದ್ದಾಗಿದ್ದರೆ, ಅದು ಆಫ್ ಆದಾಗಲೂ ಹೀಗಾಗುತ್ತದೆ! ಗುರುತು ಏನೆಂದರೆ ಮಿನುಗುವ ವೇಗ ಒಂದೇ ಸಮ ಇರುವುದಿಲ್ಲ, ಪಕ್ಕದವರು ಏನು ಆನ್ ಮಾಡುತ್ತಾರೋ ಅದಕ್ಕೆ ತಕ್ಕಂತೆ ಏರಿಳಿಯುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಎರಡೂ ಮನೆಯ ನ್ಯೂಟ್ರಲ್ ಬೇರೆ ಮಾಡಿಸಿದರೆ ಸರಿಹೋಗುತ್ತದೆ.

ಇವು ಮೂರೂ ಅಲ್ಲ, ಮೇನ್ ಆಫ್ ಇದ್ದರೂ ದೀಪ ಒಂದೇ ಲಯದಲ್ಲಿ ಮಿನುಗುತ್ತಲೇ ಇದೆ ಅಂದರೆ ಆಗ ಮೀಟರ್ ಮೇಲೆ ಅನುಮಾನ ಪಡಿ. ಅದರ ವಿಡಿಯೊ ಮಾಡಿಟ್ಟುಕೊಳ್ಳಿ.

ಸೋರಿಕೆ ಹುಡುಕುವುದು

ಈಗ ಮನೆಯ ಎಲ್ಲ ಉಪಕರಣಗಳ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಯುಪಿಎಸ್ ಇದ್ದರೆ ಅದರ ಪ್ಲಗ್ ಮರೆಯಬೇಡಿ, ಮೇನ್ ಆನ್ ಮಾಡಿದ ತಕ್ಷಣ ಅದು ಬ್ಯಾಟರಿ ಚಾರ್ಜ್ ಮಾಡಲು ಶುರು ಮಾಡಿ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಬೋರ್ಡ್‌ನಲ್ಲಿ ಒಂದೊಂದು ಲೈನಿಗೆ ಒಂದೊಂದರಂತೆ ಇರುವ ಎಂಸಿಬಿ ಸ್ವಿಚ್‌ಗಳನ್ನೆಲ್ಲ ಕೆಳಗೆ ಮಾಡಿ, ಮೇನ್ ಆನ್ ಮಾಡಿ, ಒಂದೊಂದೇ ಎಂಸಿಬಿ ಮೇಲೆತ್ತುತ್ತಾ ಪ್ರತಿ ಸಲ ಎರಡು ನಿಮಿಷ ದೀಪ ನೋಡಿ. ಏನೂ ಓಡದೇ ಇರುವಾಗ ಯಾವ ಎಂಸಿಬಿ ಎತ್ತಿದರೆ ಮಿನುಗುತ್ತದೋ ಆ ಲೈನಿನಲ್ಲಿ ಸೋರಿಕೆ.

ನಮ್ಮ ಉದಾಹರಣೆಯ ಮನೆಯಲ್ಲಿ ಅಡುಗೆಮನೆ, ರೂಮು, ಹಾಲ್ ಎಲ್ಲಾ ಸುಮ್ಮನಿತ್ತು. ಸಂಪ್ ಮೋಟರ್‌ನ ಎಂಸಿಬಿ ಎತ್ತಿದ ಕೂಡಲೇ, ಮೋಟರ್ ಸ್ವಿಚ್ ಆಫ್ ಇದ್ದರೂ, ದೀಪ ಮಿನುಗತೊಡಗಿತು. ಹತ್ತು ಮಿನುಗಿಗೆ 45 ಸೆಕೆಂಡ್, ಅಂದರೆ ಒಂದಕ್ಕೆ ನಾಲ್ಕೂವರೆ. 3200ರ ಮೀಟರ್, 1125 ಭಾಗಿಸು 4.5, ಬಂದದ್ದು 250 ವಾಟ್. ಹುಡುಕುತ್ತಿದ್ದ 260ಕ್ಕೆ ಹೆಚ್ಚುಕಮ್ಮಿ ಸರಿಹೋಯಿತು. ಮೀಟರ್‌ನ ಇನ್ನೊಂದು ಪುಟ್ಟ ದೀಪ, E/L ಅಂತ ಬರೆದಿರುವುದು, ಅದೂ ಉರಿಯುತ್ತಿತ್ತು. ಫೇಸ್‌ನಲ್ಲಿ ಹೋದಷ್ಟು ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತಿಲ್ಲ ಎನ್ನುವುದರ ಸೂಚನೆ ಅದು. (ನ್ಯೂಟ್ರಲ್ ಬೆರೆತಿದ್ದರೂ ಅದೇ ದೀಪ ಉರಿಯುತ್ತದೆ, ಆದ್ದರಿಂದ ಅದೊಂದನ್ನೇ ನಂಬಬೇಡಿ.)

ಮೋಟರ್ ಆಫ್ ಇದ್ದಾಗ ಹೇಗೆ ಸೋರುತ್ತದೆ? ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್ ಮೇಲೆ ಹಾಕಿದ್ದರು. ಆಫ್ ಮಾಡಿದರೆ ಮೋಟರ್ ನಿಲ್ಲುತ್ತದೆ, ಆದರೆ ಫೇಸ್ ತಂತಿ ನೀರಿನವರೆಗೂ ಜೀವಂತವಾಗಿಯೇ ಇರುತ್ತದೆ. ಸಂಪ್ ಒಳಗೆ ಕೇಬಲ್‌ಗೆ ಹಾಕಿದ್ದ ಜಾಯಿಂಟ್‌ನ ಟೇಪು ಬಿಟ್ಟುಕೊಂಡು ಅಲ್ಲಿಂದ ಕರೆಂಟ್ ನೀರಿಗೆ, ನೀರಿನಿಂದ ಭೂಮಿಗೆ. ಗೇಟ್ ಲೈಟ್, ಟೆರೇಸ್ ಲೈಟ್‌ನ ಪೈಪಿನಲ್ಲಿ ಮಳೆ ನೀರು ಇಳಿದಾಗ ಆಗುವುದೂ ಇದೇ. ಅದಕ್ಕೇ ಕೆಲವರ ಬಿಲ್ ಮಳೆಗಾಲದಲ್ಲಿ ಮಾತ್ರ ಏರುತ್ತದೆ.

ಎಂಸಿಬಿ ಯಾಕೆ ಬೀಳಲಿಲ್ಲ ಅಂತ ಕೇಳಬಹುದು. ಸೋರುತ್ತಿರುವುದು ಒಂದು ಆಂಪಿಯರ್ ಚಿಲ್ಲರೆ, 16 ಆಂಪಿಯರ್‌ನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಇದನ್ನು ಹಿಡಿಯುವುದು ಆರ್‌ಸಿಸಿಬಿ, ಸೋರಿಕೆ ಕಂಡ ಕೂಡಲೇ ಕರೆಂಟ್ ಕಡಿದುಬಿಡುವ ಸ್ವಿಚ್. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಸರಿಯಾಗಿ ಕೆಲಸ ಮಾಡುತ್ತಿದ್ದರೆ, ಅದರ ಕಣ್ಣು ತಪ್ಪಿಸಿ ಸೋರಬಹುದಾದದ್ದು ಹೆಚ್ಚೆಂದರೆ ತಿಂಗಳಿಗೆ ಐದು ಯೂನಿಟ್. ಆದ್ದರಿಂದ ಅದರ ಮೇಲಿನ T ಬಟನ್ ಒತ್ತಿ ನೋಡಿ. ಟಕ್ ಅಂತ ಬಿದ್ದರೆ, ಅದರ ಮುಂದಿನ ಲೈನುಗಳಲ್ಲಿ ದೊಡ್ಡ ಸೋರಿಕೆ ಇರಲು ಸಾಧ್ಯವಿಲ್ಲ, ನೇರವಾಗಿ ಉಪಕರಣಗಳ ಕಡೆ ಹೋಗಿ. ಪದೇ ಪದೇ ಬೀಳುತ್ತದೆ ಅಂತ ಬೈಪಾಸ್ ಮಾಡಿಸಿಕೊಂಡ ಮನೆಗಳು ಬೇಕಾದಷ್ಟಿವೆ. ಅದು ಬೀಳುತ್ತಿದ್ದದ್ದೇ ಸೋರಿಕೆ ಇದೆ ಅಂತ ಹೇಳಲು ಅಲ್ವಾ?

ಸೋರಿಕೆ ಸಿಕ್ಕರೆ ಆ ಎಂಸಿಬಿ ಕೆಳಗೆ ಮಾಡಿ ಹಾಗೇ ಬಿಡಿ. ಸಂಪ್‌ಗೆ ಕೈ ಹಾಕಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಬಿಲ್‌ಗಿಂತ ಶಾಕ್‌ನ ಭಯ ದೊಡ್ಡದು.

ಉಪಕರಣದ ಸರದಿ

ಎಲ್ಲ ಎಂಸಿಬಿ ಎತ್ತಿದರೂ ದೀಪ ಸುಮ್ಮನಿದ್ದರೆ ವೈರಿಂಗ್ ಚೆನ್ನಾಗಿದೆ. ಈಗ ಒಂದೊಂದೇ ಉಪಕರಣದ ಪ್ಲಗ್ ಹಾಕಿ ಅಳೆಯಿರಿ. ಆದರೆ ಎಷ್ಟು ವಾಟ್ ಎಳೆಯುತ್ತದೆ ಎನ್ನುವುದಕ್ಕಿಂತ ಎಷ್ಟು ಹೊತ್ತು ಎಳೆಯುತ್ತದೆ ಅಂತ ನೋಡಬೇಕು. ಕೆಟ್ಟ ಫ್ರಿಜ್ ಆದರೂ 150 ವಾಟೇ ತೋರಿಸಬಹುದು. ತೊಂದರೆ ಏನೆಂದರೆ ಅದು ನಿಲ್ಲುವುದೇ ಇಲ್ಲ. ಬಾಗಿಲಿನ ರಬ್ಬರ್ ಬಿಟ್ಟಿದ್ದರೆ, ಗ್ಯಾಸ್ ಕಮ್ಮಿಯಾಗಿದ್ದರೆ ಕಂಪ್ರೆಸರ್ ದಿನವಿಡೀ ಓಡಿ ತಿಂಗಳಿಗೆ ನೂರು ಯೂನಿಟ್ ದಾಟಿಸುತ್ತದೆ. ರಾತ್ರಿ ಯಾರೂ ಬಾಗಿಲು ತೆಗೆಯದಿರುವಾಗ ಒಂದು ಗಂಟೆ ಗಮನಿಸಿ, ಒಮ್ಮೆಯೂ ನಿಲ್ಲದಿದ್ದರೆ ಮೆಕ್ಯಾನಿಕ್ ಕರೆಯಿರಿ. ಈಗಿನ ಇನ್ವರ್ಟರ್ ಫ್ರಿಜ್‌ಗೆ ಮಾತ್ರ ಈ ಪರೀಕ್ಷೆ ನಡೆಯುವುದಿಲ್ಲ, ಅದು ಕಮ್ಮಿ ವಾಟ್‌ನಲ್ಲಿ ಬಹಳ ಹೊತ್ತು ಓಡುವುದೇ ಸಹಜ.

15 ಲೀಟರ್, 2000 ವಾಟ್‌ನ ಗೀಸರ್ ತಣ್ಣೀರಿನಿಂದ ಶುರುವಾಗಿ ಇಪ್ಪತ್ತು-ಇಪ್ಪತ್ತೈದು ನಿಮಿಷಕ್ಕೆ ತಾನೇ ಕಟ್ ಆಗಬೇಕು. ವೋಲ್ಟೇಜ್ ಕಮ್ಮಿ ಇದ್ದರೆ ಇನ್ನೊಂದಿಷ್ಟು ಹೊತ್ತು. ಮುಕ್ಕಾಲು ಗಂಟೆಯಾದರೂ ಗೀಸರ್‌ನ ದೀಪ ಆರದೆ ನಲ್ಲಿಯಲ್ಲಿ ಆವಿ ಬರುತ್ತಿದ್ದರೆ ಥರ್ಮೋಸ್ಟಾಟ್ ಹೋಗಿದೆ, ಆಫ್ ಮಾಡಿ. ಹಳೆಯ ಯುಪಿಎಸ್ ಬ್ಯಾಟರಿ ಮುಟ್ಟಿದರೆ ಸದಾ ಬೆಚ್ಚಗಿದೆ, ನೀರು ಬೇಗ ಇಂಗುತ್ತಿದೆ ಅಂದರೆ ಅದೂ ದಿನವಿಡೀ ಕರೆಂಟ್ ತಿನ್ನುತ್ತಿದೆ. ಮೋಟರ್ ವಿಷಯದಲ್ಲಿ ತಪ್ಪು ಮೋಟರ್‌ದೇ ಇರಬೇಕಿಲ್ಲ. ಟಾಯ್ಲೆಟ್ ಫ್ಲಶ್ ಸಣ್ಣಗೆ ಸೋರುತ್ತಿದ್ದರೆ ಟ್ಯಾಂಕ್ ಬೇಗ ಖಾಲಿಯಾಗಿ ಮೋಟರ್ ದಿನಕ್ಕೆ ಒಂದು ಗಂಟೆ ಹೆಚ್ಚು ಓಡುತ್ತದೆ. ಒಂದು ಎಚ್‌ಪಿ ಆದರೆ ತಿಂಗಳಿಗೆ ಮೂವತ್ತು ಯೂನಿಟ್ ಮೇಲೆ.

ಕೊನೆಗೆ ಮೀಟರ್

ಮೀಟರ್ ಜೋರಾಗಿ ಓಡುತ್ತಿದೆ ಅಂತ ಅನಿಸಿದರೆ ಗೊತ್ತಿರುವ ಒಂದು ಲೋಡ್ ಮಾತ್ರ ಹಾಕಿ ಅಳೆಯಿರಿ. ಗೀಸರ್‌ನ ಮೇಲೆ 2000 ವಾಟ್ ಅಂತ ಇದ್ದರೂ ಅದನ್ನು ಕಣ್ಣುಮುಚ್ಚಿ ನಂಬಬೇಡಿ, ಅದು 230 ವೋಲ್ಟ್‌ನ ಮಾತು. 210 ವೋಲ್ಟ್ ಬರುತ್ತಿದ್ದರೆ ಅದು ಎಳೆಯುವುದು 1670ರಷ್ಟೇ. ವೋಲ್ಟೇಜ್ ಸರಿಯಿದ್ದು, ಬೇರೆಲ್ಲ ಆಫ್ ಇದ್ದು, ಮೀಟರ್ 2600 ಅಂತ ತೋರಿಸಿದರೆ ಆಗ ದೂರಿಗೆ ಅರ್ಥವಿದೆ. ಐದು-ಹತ್ತು ಶೇಕಡಾ ವ್ಯತ್ಯಾಸ ಮನೆಯ ಪರೀಕ್ಷೆಯಲ್ಲಿ ಸಹಜ, ಅದನ್ನು ಹಿಡಿದು ಜಗಳಕ್ಕೆ ಹೋಗಬೇಡಿ. ಇನ್ನೊಂದು, ಹಳೇ ಮೀಟರ್ ತೆಗೆದು ಹೊಸದು ಹಾಕಿದ ತಿಂಗಳಿಂದ ಬಿಲ್ ಏರಿದ್ದರೆ ಹಳೆಯದೇ ನಿಧಾನವಾಗಿದ್ದಿರಬಹುದು.

ಸೀಲ್ ಮಾತ್ರ ಮುಟ್ಟಲೇಬೇಡಿ, ವಿದ್ಯುತ್ ಕಾಯ್ದೆ 2003ರ 135ನೇ ಸೆಕ್ಷನ್ ಪ್ರಕಾರ ಮೀಟರ್ ತಿದ್ದುವುದು ಅಪರಾಧ. 1912ಕ್ಕೆ ಕರೆ ಮಾಡಿ ದೂರಿನ ನಂಬರ್ ಪಡೆಯಿರಿ, ಜೊತೆಗೆ ಉಪವಿಭಾಗದ ಕಚೇರಿಯಲ್ಲಿ ಮೀಟರ್ ಪರೀಕ್ಷೆ ಮಾಡಿಸಲು ಲಿಖಿತ ಅರ್ಜಿ ಕೊಟ್ಟು, ಶುಲ್ಕ ಕಟ್ಟಿ, ಸ್ವೀಕೃತಿ ಇಟ್ಟುಕೊಳ್ಳಿ. ಪರೀಕ್ಷೆಗೆ ಬಂದಾಗ ಮನೆಯಲ್ಲಿರಿ, ವರದಿಯ ಪ್ರತಿ ಕೇಳಿ. ಅರ್ಜಿಯಲ್ಲಿ "ಬಿಲ್ ಜಾಸ್ತಿ ಬಂದಿದೆ" ಅಂತಷ್ಟೇ ಬರೆಯಬೇಡಿ. ಮೇನ್ ಆಫ್ ಇದ್ದಾಗ ಹತ್ತು ನಿಮಿಷಕ್ಕೆ ದೀಪ ಎಷ್ಟು ಸಲ ಮಿನುಗಿತು, ಆ ಹತ್ತು ನಿಮಿಷದ ಮೊದಲು ಮತ್ತು ಆಮೇಲೆ kWh ಅಂಕಿ ಎಷ್ಟಿತ್ತು, ಯಾವ ತಾರೀಕು, ಎಷ್ಟು ಗಂಟೆಗೆ, ಇವನ್ನು ಬರೆದು ವಿಡಿಯೊ ಇದೆ ಅಂತ ಸೇರಿಸಿ.