ಆರು ಡಿಗ್ರಿ ಅಂತ ಬರೆದಿತ್ತು, ಎಂಟಕ್ಕೇ ನಡುಗಿದೆವು

ಎಳ್ಳಮಾವಾಸ್ಯೆಗೆ ಬಸವಕಲ್ಯಾಣದ ಹತ್ತಿರ ಇರುವ ಮಾವನವರ ಹೊಲಕ್ಕೆ ಹೋಗುವುದು ನಮ್ಮ ಮನೆಯಲ್ಲಿ ತಪ್ಪದ ಪದ್ಧತಿ. ಮಧ್ಯಾಹ್ನ ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಆದ ಮೇಲೆ ಎಲ್ಲರೂ ಊರಿಗೆ ತಿರುಗುತ್ತಾರೆ. ಆ ವರ್ಷ ನಾನು, ನನ್ನ ಹೆಂಡತಿ ಮತ್ತು ಅವಳ ತಮ್ಮ ರಾತ್ರಿ ಅಲ್ಲೇ ಟೆಂಟ್ ಹಾಕಿ ಮಲಗುವುದೆಂದು ಠರಾಯಿಸಿದೆವು. ಅಮಾವಾಸ್ಯೆ, ಮೋಡವಿಲ್ಲದ ಆಕಾಶ, ನಕ್ಷತ್ರ ನೋಡಲು ಅದಕ್ಕಿಂತ ಒಳ್ಳೆ ರಾತ್ರಿ ಸಿಗುವುದಿಲ್ಲ. ಥಂಡಿಗೂ ಅದಕ್ಕಿಂತ ಒಳ್ಳೆ ರಾತ್ರಿ ಇಲ್ಲ ಎಂಬುದು ಆಗ ಹೊಳೆದಿರಲಿಲ್ಲ.

ಮೊಬೈಲ್‌ನಲ್ಲಿ ಬೀದರಿನ ಆ ರಾತ್ರಿಯ ಕನಿಷ್ಠ 12 ಡಿಗ್ರಿ ಅಂತ ತೋರಿಸುತ್ತಿತ್ತು. ನಮ್ಮಿಬ್ಬರಿಗೂ ಒಂದೇ ಮಾದರಿಯ ಸ್ಲೀಪಿಂಗ್ ಬ್ಯಾಗ್ ತರಿಸಿದ್ದೆ. ಬ್ಯಾಗಿನ ಹೆಸರಿನಲ್ಲೇ 6 ಎಂಬ ಅಂಕಿ ಇತ್ತು. 12ರ ರಾತ್ರಿಗೆ 6ರ ಬ್ಯಾಗ್, ಅರ್ಧದಷ್ಟು ಉಳಿಕೆ ಇದೆ ಎಂದು ನಿಶ್ಚಿಂತೆಯಿಂದ ಇದ್ದೆ. ಹಳ್ಳದ ದಂಡೆಯಲ್ಲಿ ನೆಲ ಸಪಾಟಾಗಿತ್ತು, ಅಲ್ಲೇ ಟೆಂಟ್ ಹಾಕಿದೆವು.

ಎರಡು ಗಂಟೆ ಸುಮಾರಿಗೆ ಹೆಂಡತಿ ಎಬ್ಬಿಸಿದಳು. "ರೀ, ಕಾಲು ಕಲ್ಲಾಗ್ಯಾವ್ರಿ, ನೆಲದಿಂದ ಥಂಡಿ ಏರಾಕತ್ತದ." ನನಗೆ ಅಷ್ಟಿರಲಿಲ್ಲ, ಆದರೆ ಮೊಣಕಾಲು ಎದೆಗೆ ಹಚ್ಚಿಕೊಂಡು ಮುದುಡಿ ಮಲಗಿದ್ದೆ, ನೀಟಾಗಿ ಚಾಚಿದರೆ ನಿದ್ದೆ ಹಾರುತ್ತಿತ್ತು. ಪಕ್ಕದ ಟೆಂಟಿನಲ್ಲಿ ಮೈದುನ ಆಗಲೇ ಎದ್ದು ಸ್ಟವ್ ಹಚ್ಚಿ ಚಹಾಕ್ಕೆ ಇಟ್ಟಿದ್ದ. ಅವನ ಬ್ಯಾಗಿನ ಮೇಲೆ "0 ರಿಂದ 10 ಡಿಗ್ರಿ" ಎಂದಷ್ಟೇ ಬರೆದಿತ್ತು, ಬೇರೆ ಏನೂ ಇರಲಿಲ್ಲ. ಕನಿಷ್ಠವನ್ನು ನೆನಪಿಟ್ಟುಕೊಳ್ಳುವ ಸಣ್ಣ ಡಿಜಿಟಲ್ ಥರ್ಮಾಮೀಟರೊಂದನ್ನು ನಾನು ಟೆಂಟಿನ ಹೊರಗೆ ನೆಲದ ಹತ್ತಿರ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ 8 ಡಿಗ್ರಿ.

ಮುಂಜಾನೆ ಬುತ್ತಿ ತಂದ ಅತ್ತಿ ನಮ್ಮ ಮುಖ ನೋಡಿಯೇ ಅಂದರು, "ಅಳಿಯರೇ, ಇಷ್ಟ್ ರೊಕ್ಕಾ ಕೊಟ್ಟು ಚೀಲ ತಂದೀರಿ, ನಮ್ಮ ಕೌದಿ ಏನ್ ಕಡಿಮಿ ಆಗಿತ್ರಿ?"

ಉತ್ತರ ಇರಲಿಲ್ಲ. ಮನೆಗೆ ಬಂದು ಬ್ಯಾಗಿನ ಒಳ ಹೊಲಿಗೆಯಲ್ಲಿದ್ದ ಬಿಳಿ ಚೀಟಿ ಹುಡುಕಿ ಓದಿದೆ. ಅಲ್ಲಿ ಒಂದಲ್ಲ, ಮೂರು ಅಂಕಿಗಳಿದ್ದವು: ಕಂಫರ್ಟ್ 10, ಲಿಮಿಟ್ 6, ಎಕ್ಸ್‌ಟ್ರೀಮ್ ಮೈನಸ್ 6. ಬ್ಯಾಗಿನ ಹೆಸರಿಗೆ ಸೇರಿಸಿದ್ದು ನಡುವಿನ ಅಂಕಿಯನ್ನು. ತಯಾರಕರು ಸುಳ್ಳು ಬರೆದಿರಲಿಲ್ಲ, ನಾನೇ ತಪ್ಪು ಅಂಕಿ ನಂಬಿದ್ದೆ.

ಈ ಮೂರೂ ಅಂಕಿಗಳು ಬರುವುದು ಯುರೋಪಿನ ಇಎನ್ 13537 ಎಂಬ ಮಾನದಂಡದಿಂದ. ಈಗ ಅದರ ಜಾಗದಲ್ಲಿ ಐಎಸ್‌ಒ 23537 ಇದೆ. ಪರೀಕ್ಷೆಯಲ್ಲಿ ಮನುಷ್ಯರು ಮಲಗುವುದಿಲ್ಲ. ಒಳಗಿನಿಂದ ಬಿಸಿ ಮಾಡುವ, ಸೆನ್ಸರ್ ಇರುವ ಒಂದು ಬೊಂಬೆಗೆ ತುಂಬು ತೋಳಿನ ಒಳ ಅಂಗಿ, ಉದ್ದ ಒಳ ಪೈಜಾಮ, ಸಾಕ್ಸ್ ತೊಡಿಸಿ ಬ್ಯಾಗಿನೊಳಗೆ ಮಲಗಿಸುತ್ತಾರೆ. ತಣ್ಣನೆ ಕೋಣೆಯಲ್ಲಿ ಅದು ಎಷ್ಟು ಶಾಖ ಕಳೆದುಕೊಳ್ಳುತ್ತದೆ ಎಂದು ಅಳೆದು, ಆ ಅಳತೆಯಿಂದ ಮನುಷ್ಯರ ಲೆಕ್ಕ ತೆಗೆಯುತ್ತಾರೆ. ಯಾವ ಮನುಷ್ಯರು ಎಂಬಲ್ಲೇ ನನ್ನ ತಪ್ಪಿನ ಮೂಲ ಸಿಕ್ಕಿತು.

ಕಂಫರ್ಟ್ ಅಂಕಿಗೆ ಹಿಡಿದಿರುವುದು 25 ವರ್ಷದ, 60 ಕಿಲೋ ತೂಕದ ಹೆಂಗಸನ್ನು. ಆಕೆ ಮೈ ಸಡಿಲ ಬಿಟ್ಟು, ಬೇಕಾದರೆ ಅಂಗಾತ ಮಲಗಿ, ಥಂಡಿ ಅನ್ನಿಸದೆ ನಿದ್ದೆ ಮಾಡಬಲ್ಲ ಕೊನೆಯ ಉಷ್ಣತೆ ಅದು. ಲಿಮಿಟ್‌ಗೆ ಹಿಡಿದಿರುವುದು 25 ವರ್ಷದ ಗಂಡಸನ್ನು. ಅವನೂ ಥಂಡಿ ಅನ್ನಿಸದೆ ಇರುತ್ತಾನೆ, ಆದರೆ ಮುದುಡಿಕೊಂಡು ಮಲಗಿರುತ್ತಾನೆ. ಎಕ್ಸ್‌ಟ್ರೀಮ್ ಎಂಬುದು ನಿದ್ದೆಯ ಅಂಕಿಯೇ ಅಲ್ಲ. ಅಷ್ಟು ಥಂಡಿಯಲ್ಲಿ ಆ ಹೆಂಗಸು ಆರು ತಾಸು ಜೀವ ಹಿಡಿದುಕೊಳ್ಳಬಹುದು, ದೇಹದ ಶಾಖ ಅಪಾಯದ ಮಟ್ಟಕ್ಕೆ ಇಳಿಯುವ ಸಾಧ್ಯತೆ ಇದ್ದೇ ಇರುತ್ತದೆ. ಅಂಗಡಿಯಲ್ಲಿ ಯಾರಾದರೂ ಆ ಮೈನಸ್ ಅಂಕಿ ತೋರಿಸಿ ಮಾರಲು ಬಂದರೆ ನಾನು ಬ್ಯಾಗ್ ಕೆಳಗಿಟ್ಟುಬಿಡುತ್ತೇನೆ. ಮೈದುನನ ಬ್ಯಾಗಿನಂತೆ ಒಂದು ವ್ಯಾಪ್ತಿ ಮಾತ್ರ ಬರೆದಿದ್ದರೆ ಅದು ಪರೀಕ್ಷೆಯಾದ ಅಂಕಿಯೋ ಬರೆದವರ ಅಂದಾಜೋ ಹೇಳಲಾಗದು. ಇನ್ನೊಂದು ಮಾತು, ಈ ಲೆಕ್ಕ ದೊಡ್ಡವರದ್ದು. ಮಕ್ಕಳ ಬ್ಯಾಗಿಗೆ ಈ ಅಂಕಿಗಳನ್ನು ಹಚ್ಚಬಾರದು.

ನಮ್ಮ ರಾತ್ರಿಯನ್ನು ಈ ಅಂಕಿಗಳ ಪಕ್ಕ ಇಟ್ಟು ನೋಡಿದರೆ ಎಲ್ಲ ಸರಿಯಾಗಿ ಕೂಡಿ ಬಂತು. ಹೊರಗೆ 8 ಇತ್ತು. ನನ್ನ ಲಿಮಿಟ್ 6, ಹಾಗಾಗಿ ನಾನು ಮುದುಡಿಕೊಂಡು ಹೇಗೋ ದಾಟಿದೆ. ಹೆಂಡತಿಯ ಕಂಫರ್ಟ್ 10, ಅದನ್ನು ರಾತ್ರಿ ಆಗಲೇ ದಾಟಿ ಕೆಳಗಿಳಿದಿತ್ತು.

ಆದರೆ "ನೆಲದಿಂದ ಥಂಡಿ ಏರಾಕತ್ತದ" ಎಂದಳಲ್ಲ, ಅದು ಬ್ಯಾಗಿನ ಮಾತಲ್ಲ. ಬ್ಯಾಗಿನ ಪದರಗಳ ನಡುವೆ ತುಂಬಿದ ವಸ್ತು, ಅಂದರೆ ಅದರ ತುಂಬು, ಗಾಳಿಯನ್ನು ಹಿಡಿದಿಟ್ಟುಕೊಂಡು ಬೆಚ್ಚಗಿಡುತ್ತದೆ. ನಮ್ಮ ಮೈಭಾರದ ಕೆಳಗೆ ಅದು ಅಪ್ಪಚ್ಚಿಯಾಗಿ ಗಾಳಿ ಹೊರಗೆ ಹೋದರೆ ಬೆನ್ನಿನ ಕೆಳಗೆ ಎರಡು ಪದರ ಬಟ್ಟೆ ಮಾತ್ರ ಉಳಿಯುತ್ತದೆ. ಪರೀಕ್ಷೆಯ ಬೊಂಬೆಯ ಕೆಳಗೆ ಒಳ್ಳೆಯ ದಪ್ಪ ಮ್ಯಾಟ್ ಇರುತ್ತದೆ, ನೆಲದ ಥಂಡಿಯನ್ನು ಮ್ಯಾಟ್ ಎಷ್ಟು ತಡೆಯುತ್ತದೆ ಎಂಬುದಕ್ಕೆ ಅಂಗಡಿಯವರು ಹೇಳುವ ಆರ್-ವ್ಯಾಲ್ಯೂ ಲೆಕ್ಕದಲ್ಲಿ ಹತ್ತಿರ ಹತ್ತಿರ 5. ನಾವು ಹಾಸಿಕೊಂಡಿದ್ದು ಯೋಗದ ತೆಳು ಮ್ಯಾಟ್. ಅದರ ಆರ್-ವ್ಯಾಲ್ಯೂ 1 ಕೂಡ ಇರಲಿಕ್ಕಿಲ್ಲ. ಅಂದರೆ ಚೀಟಿಯ 10 ಎಂಬ ಅಂಕಿಗೆ ಬೇಕಾದ ಹಾಸಿಗೆಯನ್ನೇ ನಾವು ಕೊಟ್ಟಿರಲಿಲ್ಲ. ಪತ್ತೆ ಹಚ್ಚುವುದು ಸುಲಭ: ಮಗ್ಗುಲು ಬದಲಿಸಿದಾಗಲೆಲ್ಲ ನೆಲಕ್ಕೆ ತಾಗಿದ ಕಡೆಯೇ ತಣ್ಣಗಾಗುತ್ತ ಬಂದರೆ ತಪ್ಪು ಮ್ಯಾಟಿನದು. ಎದೆ, ಹೆಗಲು, ಮೇಲ್ಮುಖವಾದ ಭಾಗ ತಣ್ಣಗಾದರೆ ಬ್ಯಾಗಿನದು.

ಇನ್ನು ಮೊಬೈಲಿನ 12 ನಮ್ಮಲ್ಲಿ 8 ಆಗಿದ್ದು ಹೇಗೆ? ಹವಾಮಾನ ಕೇಂದ್ರದ ಥರ್ಮಾಮೀಟರ್ ನೆರಳಿನ ಪೆಟ್ಟಿಗೆಯೊಳಗೆ, ನೆಲದಿಂದ ಎದೆಮಟ್ಟದ ಎತ್ತರದಲ್ಲಿ ಇರುತ್ತದೆ. ಮೋಡ, ಗಾಳಿ ಎರಡೂ ಇಲ್ಲದ ರಾತ್ರಿ ನೆಲ ತನ್ನ ಶಾಖವನ್ನು ಬಿರುಸಾಗಿ ಆಕಾಶಕ್ಕೆ ಬಿಟ್ಟುಕೊಡುತ್ತದೆ, ನೆಲಕ್ಕೆ ಅಂಟಿದ ಗಾಳಿ ಎಲ್ಲಕ್ಕಿಂತ ಮೊದಲು ತಣ್ಣಗಾಗುತ್ತದೆ. ತಣ್ಣನೆ ಗಾಳಿ ಭಾರ, ನೀರಿನ ಹಾಗೆ ತಗ್ಗಿಗೆ ಹರಿದು ನಿಲ್ಲುತ್ತದೆ. ನಾವು ಸಪಾಟು ನೆಲ ಅಂತ ಆರಿಸಿದ್ದು ಹೊಲದಲ್ಲೇ ಅತ್ಯಂತ ತಗ್ಗಿನ ಜಾಗ.

ಮರುವರ್ಷ ಎಳ್ಳಮಾವಾಸ್ಯೆಗೆ ಹದಿನೈದು ದಿನ ಮೊದಲೇ ಲೆಕ್ಕ ಹಾಕಿದೆ. ಆ ದಿನಗಳ ಕನಿಷ್ಠ 11, 12ರ ಆಸುಪಾಸು ಇತ್ತು. ಹೊಲದ ನೆಲಕ್ಕೆ ಅಂತ 4 ಕಳೆದರೆ 7, 8. ಹೆಂಡತಿಗೆ ಮನೆಯಲ್ಲೂ ನನಗಿಂತ ಬೇಗ ಥಂಡಿ ಹತ್ತುತ್ತದೆ. ಅದೂ ಅಲ್ಲದೆ ಚೀಟಿಯ ಹೆಂಗಸು 25 ವರ್ಷದವಳು, ನಾವಿಬ್ಬರೂ 40 ದಾಟಿದವರು. ಅದಕ್ಕೆ ಇನ್ನೂ 3 ಡಿಗ್ರಿ ಹಿಡಿದೆ. ಹೀಗೆ ಕಂಫರ್ಟ್ 4, 5ರ ಆಸುಪಾಸು ಇರುವ ಬ್ಯಾಗ್ ಬೇಕು ಎಂದು ಗೊತ್ತಾಯಿತು. ತಂದ ಬ್ಯಾಗಿನ ಚೀಟಿಯಲ್ಲಿ ಕಂಫರ್ಟ್ 5, ಲಿಮಿಟ್ 0 ಇತ್ತು. ಅಂಗಡಿಯಲ್ಲಿ ಕಂಫರ್ಟ್ ಮೈನಸ್ 5ರದ್ದನ್ನೂ ತೋರಿಸಿದರು. "ತಗೊಂಬಿಡ್ರಿ, ಚಿಂತಿ ಇರಂಗಿಲ್ಲ" ಎಂದರು. ಹಿಮಾಲಯದ ಚಾರಣಕ್ಕೆ ಹೋಗುವವರಿಗೆ ಅದು ಸರಿ. ಬೀದರಿನ 8 ಡಿಗ್ರಿಗೆ ಅದರಲ್ಲಿ ಮಲಗಿದರೆ ಬೆವರು ಬರುತ್ತದೆ, ಬೆವರಿಗೆ ತುಂಬು ಒದ್ದೆಯಾಗುತ್ತದೆ, ನಸುಕಿಗೆ ಆ ಒದ್ದೆಯೇ ಥಂಡಿ ಹತ್ತಿಸುತ್ತದೆ. ಬೆಲೆ, ಭಾರ ಬೇರೆ.

ನನಗೆ ಹಳೆ ಬ್ಯಾಗೇ ಸಾಕು ಅಂದುಕೊಂಡು ಆ ರೊಕ್ಕವನ್ನು ಮ್ಯಾಟಿಗೆ ಹಾಕಿದೆ. ದಪ್ಪ ಫೋಮಿನ ಮಡಚುವ ಮ್ಯಾಟ್ ನಾಲ್ಕು, ಒಬ್ಬೊಬ್ಬರಿಗೆ ಎರಡು. ಒಂದರ ಮೇಲೊಂದು ಹಾಕಿದರೆ ಆರ್-ವ್ಯಾಲ್ಯೂ ನೇರವಾಗಿ ಕೂಡುತ್ತದೆ, 2 ಮತ್ತು 2 ಸೇರಿ 4. ಅತ್ತಿ ಕೊಟ್ಟ ಕೌದಿಯನ್ನೂ ಬಿಡಲಿಲ್ಲ, ಆದರೆ ಮೇಲೆ ಹೊದೆಯಲಿಲ್ಲ. ಅದು ಐದಾರು ಹಳೆ ಸೀರೆ ಪದರ ಹೊಲಿದ ಭಾರದ ಕೌದಿ. ಬ್ಯಾಗಿನ ಮೇಲೆ ಹಾಕಿದರೆ ತುಂಬನ್ನು ಒತ್ತಿಬಿಡುತ್ತದೆ. ಮ್ಯಾಟುಗಳ ಮೇಲೆ ಹಾಸಿದೆವು.

ಟೆಂಟನ್ನು ಹಳ್ಳದಿಂದ ಮೇಲೆ, ಬೇವಿನ ಮರದ ಹತ್ತಿರದ ದಿನ್ನಿಯ ಮೇಲೆ ಹಾಕಿದೆವು. ಈ ಸಲ ಥರ್ಮಾಮೀಟರ್ ಎರಡು ಇದ್ದವು, ಒಂದನ್ನು ಹಿಂದಿನ ವರ್ಷದ ಜಾಗದಲ್ಲೇ ಇಟ್ಟೆ. ಬೆಳಿಗ್ಗೆ ಹಳ್ಳದ ದಂಡೆಯಲ್ಲಿ 7, ದಿನ್ನಿಯ ಮೇಲೆ 9. ಒಂದೇ ಹೊಲ, ನೂರಿನ್ನೂರು ಹೆಜ್ಜೆ ಅಂತರ.

ಹೆಂಡತಿ ಹೊತ್ತೇರಿದರೂ ಎದ್ದಿರಲಿಲ್ಲ. ರಾತ್ರಿ ಹನ್ನೊಂದರವರೆಗೆ ಸೆಕೆ ಎಂದು ಜಿಪ್ ಅರ್ಧ ತೆಗೆದೇ ಇಟ್ಟಿದ್ದಳಂತೆ, ಆಮೇಲೆ ಹಾಕಿಕೊಂಡಿದ್ದು. ನಾನು ಕಂಫರ್ಟ್ 10ರ ಬ್ಯಾಗಿನಲ್ಲಿ 9 ಡಿಗ್ರಿಯನ್ನು ಕಾಲು ಚಾಚಿ ಕಳೆದೆ. ತಲೆಗೆ ಮಫ್ಲರ್ ಇತ್ತು. ಮುಖವನ್ನು ಮಾತ್ರ ಒಳಗೆ ಎಳೆದುಕೊಳ್ಳಲಿಲ್ಲ, ಉಸಿರಿನ ತೇವ ತುಂಬಿಗೆ ಇಳಿಯುತ್ತದೆ.

4 ಕಳೆಯುವ ಲೆಕ್ಕ ನಮ್ಮ ಹೊಲದ್ದು, ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯದ್ದು. ಮೋಡ ಕವಿದರೆ ಮೊಬೈಲಿನ ಅಂಕಿಗೂ ನೆಲದ ಅಂಕಿಗೂ ಅಷ್ಟು ವ್ಯತ್ಯಾಸ ಇರುವುದಿಲ್ಲ. ಊರು ಬದಲಾದರೂ ಲೆಕ್ಕ ಬದಲಾಗುತ್ತದೆ: ಬೀದರ್ ಸುಮಾರು 700 ಮೀಟರ್ ಎತ್ತರದಲ್ಲಿದೆ, ಕಲಬುರಗಿ ಸುಮಾರು 450, ಆ ಇಳಿತಕ್ಕೇ ಒಂದೂವರೆ ಡಿಗ್ರಿ ಬೆಚ್ಚಗಾಗುತ್ತದೆ. ಯಾದಗಿರಿ ಇನ್ನೂ ಕೆಳಗೆ. ಬೇಸಿಗೆಯಲ್ಲಿ ಈ ಮೂರೂ ಜಿಲ್ಲೆಗಳಲ್ಲಿ ಹೊರಗೆ ಮಲಗುವವರಿಗೆ ಬ್ಯಾಗಿನ ಕೆಲಸವೇ ಇಲ್ಲ, ಒಂದು ಚಾದರ ಸಾಕು, ಅದೂ ಸೊಳ್ಳೆಗೆ.

ಈ ಸಲ ಹಬ್ಬಕ್ಕೆ ಮೊದಲು ಮೈದುನ ಫೋನ್ ಮಾಡಿದ್ದ. "ಮಾಮಾ, ಹೊಸಾ ಬ್ಯಾಗ್ ತಗೊಂಡೀನಿ, ಮೈನಸ್ ಹತ್ತು ಅದ!"

"ಒಳಗ ಬಿಳಿ ಚೀಟಿ ಅದ ಏನು ನೋಡು."

ಸ್ವಲ್ಪ ಹೊತ್ತು ಬರೀ ಸರಬರ ಸಪ್ಪಳ. ಆಮೇಲೆ ಅಂದ, "ಕಂಫರ್ಟ್ ಎಂಟು ಅಂತದ ಮಾಮಾ... ಅಕ್ಕಂದು ಆ ದಪ್ಪ ಮ್ಯಾಟ್ ಒಂದು ನನಗ ಕೊಡ್ತೀರೇನು?"