17 ಪರ್ಸೆಂಟಿನ ಫಂಡ್ ಪಕ್ಕ 14 ಪರ್ಸೆಂಟಿನದನ್ನು ಇಟ್ಟು ನೋಡಿದಾಗ: ಶಾರ್ಪ್ ರೇಶಿಯೊ, ನನ್ನ ಅನುಭವ

ಮ್ಯೂಚುವಲ್ ಫಂಡ್‌ಗಳ ಫ್ಯಾಕ್ಟ್‌ಶೀಟಿನಲ್ಲಿ ಶಾರ್ಪ್ ರೇಶಿಯೊ ಹೇಗೂ ಅಚ್ಚಾಗಿರುತ್ತದೆ. ರಿಸ್ಕ್ ಇಲ್ಲದ ಬಡ್ಡಿಗಿಂತ ಹೆಚ್ಚಾಗಿ ಬಂದ ಗಳಿಕೆಯನ್ನು ಆ ಗಳಿಕೆಯ ಏರಿಳಿತದಿಂದ ಭಾಗಿಸಿದರೆ ಸಿಗುವ ಅಂಕಿ ಅದು. ಆದರೂ ಅದನ್ನು ನಾನೇ ಲೆಕ್ಕ ಹಾಕುತ್ತೇನೆ. ರಿಸ್ಕ್ ಇಲ್ಲದ ಬಡ್ಡಿಯೆಂದು ಯಾವ ದರ ಹಿಡಿದಿದ್ದಾರೆ, ಅದು ಯಾವ ದಿನದ್ದು ಎಂಬುದು ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಅದು ಬೇರೆ ಬೇರೆಯಾದರೆ ಎರಡು ಫಂಡ್‌ಗಳ ಹೋಲಿಕೆ ಅಲ್ಲಿಗೇ ಕೆಟ್ಟಿತು.

ಈಚೆಗೆ ನಮ್ಮ ಭಾವ ಎರಡು ಈಕ್ವಿಟಿ ಫಂಡ್‌ಗಳ ಹೆಸರು ತಂದರು. ಮಗಳ ಇಂಜಿನಿಯರಿಂಗ್ ಫೀಸಿಗೆಂದು ಐದಾರು ವರ್ಷ ಇಡುವ ದುಡ್ಡು. ಫಂಡ್ ಕಂಪನಿಗಳ ಸಂಘವಾದ ಆ್ಯಂಫಿಯ ವೆಬ್‌ಸೈಟಿನಿಂದ ಎರಡರ ತಿಂಗಳ ಕೊನೆಯ ಎನ್‌ಎವಿ, ಅಂದರೆ ಒಂದು ಯೂನಿಟಿನ ಬೆಲೆ, ಇಳಿಸಿಕೊಂಡೆ. ಗ್ರೋತ್ ಆಪ್ಷನ್‌ದೇ ಬೇಕು; ಡಿವಿಡೆಂಡ್ ಕೊಡುವ ಆಪ್ಷನ್‌ನಲ್ಲಿ ಹಣ ಹಂಚಿದ ದಿನ ಎನ್‌ಎವಿ ಇಳಿದು, ಆಗದ ನಷ್ಟ ಆದಂತೆ ಕಾಣುತ್ತದೆ. 36 ತಿಂಗಳ ಗಳಿಕೆಗೆ 37 ಎನ್‌ಎವಿ ಬೇಕು. B ಕಾಲಂನಲ್ಲಿ ಎನ್‌ಎವಿ, C ಯಲ್ಲಿ ತಿಂಗಳ ಗಳಿಕೆ, D ಯಲ್ಲಿ ಸರಕಾರದ 91 ದಿನಗಳ ಸಾಲಪತ್ರವಾದ ಟ್ರೆಜರಿ ಬಿಲ್‌ನ ವಾರ್ಷಿಕ ದರದ ಹನ್ನೆರಡನೇ ಒಂದು ಪಾಲು, E ಯಲ್ಲಿ C ಯಿಂದ D ಕಳೆದದ್ದು. ಕೊನೆಗೆ ಒಂದೇ ಸಾಲು:

```
=AVERAGE(E3:E38)/STDEV.S(E3:E38)*SQRT(12)
```

ಕೊನೆಯ ಗುಣಾಕಾರ, ತಿಂಗಳ ಲೆಕ್ಕವನ್ನು ವರ್ಷಕ್ಕೆ ತರಲು. ಸರಾಸರಿ 12 ಪಟ್ಟು ಬೆಳೆದರೆ ಏರಿಳಿತ ಬೆಳೆಯುವುದು 12ರ ವರ್ಗಮೂಲದಷ್ಟೇ.

ಅಂಕಿಗಳನ್ನು ದುಂಡಗೆ ಮಾಡಿ ಹೇಳುತ್ತೇನೆ. ಮೊದಲ ಫಂಡ್ ವರ್ಷಕ್ಕೆ 14% ಕೊಟ್ಟಿತ್ತು, ಏರಿಳಿತ 11%. ಎರಡನೆಯದು 17%, ಏರಿಳಿತ 18%. ಟ್ರೆಜರಿ ಬಿಲ್ 6.5% ಎಂದು ಹಿಡಿದರೆ ಶಾರ್ಪ್ ಕ್ರಮವಾಗಿ 0.68 ಮತ್ತು 0.58.

"ಅಲ್ಲಪ್ಪ, 17 ಬಂದಿರೋದನ್ನ ಬಿಟ್ಟು 14 ಬಂದಿರೋದನ್ನ ಯಾಕೆ ತಗೊಳ್ಳಲಿ? ನನ್ನ ಕೈಗೆ ಬರೋದು ಪರ್ಸೆಂಟು ತಾನೆ?" ಎಂದರು ಭಾವ. ನ್ಯಾಯವಾದ ಪ್ರಶ್ನೆ. ಇದಕ್ಕೆ ಬರೀ ರೇಶಿಯೊ ತೋರಿಸಿದರೆ ಉತ್ತರವಾಗುವುದಿಲ್ಲ. ಎರಡನೆಯ ಫಂಡಿನ ರಿಸ್ಕನ್ನು ಮೊದಲನೆಯದರ ಮಟ್ಟಕ್ಕೆ ಇಳಿಸಿ ತೋರಿಸಿದೆ. ನೂರು ರೂಪಾಯಿಯಲ್ಲಿ 61 ಅದರಲ್ಲಿ, ಉಳಿದ 39 ಟ್ರೆಜರಿ ಬಿಲ್‌ನಲ್ಲಿ ಇಟ್ಟರೆ ಒಟ್ಟು ಏರಿಳಿತ 11%ಕ್ಕೆ ಬರುತ್ತದೆ. ಆಗ ಗಳಿಕೆ ಎಷ್ಟು? 6.5ಕ್ಕೆ 10.5ರ 61% ಸೇರಿಸಿದರೆ 12.9%. ಅಷ್ಟೇ ರಿಸ್ಕಿಗೆ ಮೊದಲನೆಯದು 14% ಕೊಟ್ಟಿದೆ. ಅರ್ಥಶಾಸ್ತ್ರಜ್ಞ ವಿಲಿಯಂ ಶಾರ್ಪ್ 1966ರಲ್ಲಿ ಅಮೆರಿಕದ ಮ್ಯೂಚುವಲ್ ಫಂಡ್‌ಗಳನ್ನು ಅಳೆಯಲು ಈ ಅನುಪಾತವನ್ನು ಮುಂದಿಟ್ಟದ್ದರ ತಿರುಳು ಇದೇ ಎಂದು ನಾನು ತಿಳಿದಿದ್ದೇನೆ.

ಹಾಗೆಂದು 0.68 ದೊಡ್ಡದು, ಅದನ್ನೇ ಕೊಳ್ಳಿ ಎಂದು ಹೇಳಲಿಲ್ಲ. ವಾರ್ಷಿಕ ಶಾರ್ಪ್‌ನಲ್ಲಿರುವ ಅನಿಶ್ಚಿತತೆ, ಸ್ಥೂಲವಾಗಿ ಹೇಳುವುದಾದರೆ, ವರ್ಷಗಳ ವರ್ಗಮೂಲದಿಂದ 1ನ್ನು ಭಾಗಿಸಿದಷ್ಟು. ಮೂರು ವರ್ಷಕ್ಕೆ ಅದು 0.58! ಎರಡೂ ಫಂಡ್ ಮಾರುಕಟ್ಟೆಯ ಜೊತೆ ಒಟ್ಟಿಗೇ ಏರಿಳಿಯುವುದರಿಂದ ಅವುಗಳ ನಡುವಿನ ಅಂತರದ ಅನಿಶ್ಚಿತತೆ ಇದಕ್ಕಿಂತ ಕಡಿಮೆ, ನಿಜ. ಆದರೂ 0.10ರ ಅಂತರ ಅದರಲ್ಲಿ ಮುಳುಗಿಹೋಗುತ್ತದೆ. ಹತ್ತು ವರ್ಷದ ಎನ್‌ಎವಿ ಹಾಕಿದರೂ 0.32ಕ್ಕಿಂತ ಕೆಳಗೆ ಇಳಿಯುವುದಿಲ್ಲ.

ನಿರ್ಧಾರಕ್ಕೆ ನೆರವಾದದ್ದು ಭಾಗಾಕಾರದ ಕೆಳಗಿನ ಅಂಕಿ. ಮೂರೇ ವರ್ಷದ ಸರಾಸರಿ ಗಳಿಕೆಯನ್ನು ನೆಚ್ಚುವ ಹಾಗಿಲ್ಲ. ಆದರೆ ಏರಿಳಿತವನ್ನು 36 ತಿಂಗಳ ಅಂಕಿಗಳು ಸಾಕಷ್ಟು ಚೆನ್ನಾಗಿ ತಿಳಿಸುತ್ತವೆ, ಹೆಚ್ಚುಕಡಿಮೆ ಅದರ ಎಂಟನೇ ಒಂದು ಭಾಗದಷ್ಟು ಆಚೀಚೆ ಆಗಬಹುದು. 11 ಮತ್ತು 18ರ ನಡುವಿನ ವ್ಯತ್ಯಾಸ ಅದೃಷ್ಟದ ಆಟವಲ್ಲ. ಫೀಸಿನ ದುಡ್ಡಿಗೆ ಗಡುವಿದೆ, ಹಾಗಾಗಿ ಭಾವ ಮೊದಲನೆಯದನ್ನೇ ತೆಗೆದುಕೊಂಡರು. ದೂರದ ನಿವೃತ್ತಿಯ ದುಡ್ಡಾಗಿದ್ದರೆ ನಾನು ಎರಡನೆಯದನ್ನೂ ಬೇಡ ಎನ್ನುತ್ತಿರಲಿಲ್ಲ.

ಏರಿಳಿತದ ಈ ಅಂಕಿಯೇ ಕೈಕೊಡುವ ಜಾಗ ಒಂದಿದೆ: ಕಡಿಮೆ ರೇಟಿಂಗ್‌ನ ಸಾಲಪತ್ರ ಇಟ್ಟುಕೊಂಡ ಡೆಟ್ ಫಂಡ್‌ಗಳು. ಆ ಪತ್ರಗಳ ವಹಿವಾಟು ಅಪರೂಪ, ಆದ್ದರಿಂದ ಎನ್‌ಎವಿ ಗೆರೆ ಎಳೆದ ಹಾಗೆ ಮೇಲೇರುತ್ತಿರುತ್ತದೆ, ಶಾರ್ಪ್ ಬಲು ಎತ್ತರ ಕಾಣುತ್ತದೆ. 2018ರಲ್ಲಿ ಐಎಲ್ ಆ್ಯಂಡ್ ಎಫ್‌ಎಸ್ ಎಂಬ ಹಣಕಾಸು ಸಂಸ್ಥೆ ಸಾಲ ತೀರಿಸದೆ ಕೈಚೆಲ್ಲಿದಾಗ ಅದರ ಪತ್ರಗಳಿದ್ದ ಕೆಲವು ಫಂಡ್‌ಗಳ ಎನ್‌ಎವಿ ದಿಢೀರನೆ ಕುಸಿಯಿತು. ಹಿಂದಿನ ತಿಂಗಳುಗಳ ಏರಿಳಿತದಲ್ಲಿ ಅದರ ಸುಳಿವು ಇರಲಿಲ್ಲ. ಇಂಥ ಫಂಡ್ ಎದುರಾದರೆ ನಾನು ಅದೇ ಶೀಟಿನಲ್ಲಿ ಇನ್ನೊಂದು ಸಾಲು ಬರೆಯುತ್ತೇನೆ:

```
=CORREL(E3:E37,E4:E38)
```

ಒಂದು ತಿಂಗಳ ಗಳಿಕೆ ಹಿಂದಿನ ತಿಂಗಳದ್ದನ್ನು ಎಷ್ಟು ಹೋಲುತ್ತದೆ ಎಂಬುದನ್ನು ಇದು ಹೇಳುತ್ತದೆ. ಈಕ್ವಿಟಿ ಫಂಡ್‌ಗಳಲ್ಲಿ ಸಾಮಾನ್ಯವಾಗಿ ಸೊನ್ನೆಯ ಆಸುಪಾಸಿನಲ್ಲಿರುತ್ತದೆ. 0.5 ದಾಟಿದರೆ ಆ ಫಂಡಿನ ಶಾರ್ಪ್ ಬಿಟ್ಟು, ಅದು ಯಾವ ಯಾವ ಕಂಪನಿಗೆ ಸಾಲ ಕೊಟ್ಟಿದೆ ಎಂಬ ಪಟ್ಟಿಯನ್ನು ತೆರೆದು ಕೂರುತ್ತೇನೆ.