ಊರಿಗೆ ದುಡ್ಡು ಬಂದಾಗ ಯಾವ ಬೆಲೆ ಏರಿತು, ಯಾವುದು ಏರಲಿಲ್ಲ

ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನ ದಿನಸಿ ಅಂಗಡಿ ಇದೆ. ಬೆಂಗಳೂರು–ಮೈಸೂರು ಹೆದ್ದಾರಿ ಅಗಲ ಮಾಡುವಾಗ ನಮ್ಮೂರಿನ ಕೆಲವರ ಜಮೀನು ಹೋಯಿತು, ಪರಿಹಾರದ ದುಡ್ಡು ಬಂತು. ಆಮೇಲೆ ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಎಲ್ಲಾ ಜಾಸ್ತಿಯಾಯ್ತು ಅಂತ. ನಿಜವಾಗಿಯೂ ಎಲ್ಲಾ ಜಾಸ್ತಿಯಾಗಿದೆಯಾ ಅಂತ ನೋಡೋಣ ಅಂದುಕೊಂಡು ಬೆಲೆಗಳನ್ನು ಬರೆದಿಡಲು ಶುರು ಮಾಡಿದೆ.

ಬೆಲೆಗಿಂತ ಮೊದಲು ಕಂಡದ್ದು ಉದ್ರಿ. ಕಬ್ಬಿನ ಬಿಲ್ಲು ಬರಲಿ ಕೊಡ್ತೀನಿ ಅಂತ ಮುಂದೂಡುತ್ತಿದ್ದವರು ಒಂದೇ ಸಲ ಬಾಕಿ ತೀರಿಸಿದರು. ಆಮೇಲೆ ಮನೆ ಕಟ್ಟಿಸಲು ಕೈ ಹಾಕಿದರು. ದುಡ್ಡು ಅವರಿಂದ ಗಾರೆಯವರಿಗೆ ಹೋಯಿತು, ಗಾರೆಯವರಿಂದ ನನ್ನ ಅಂಗಡಿಗೆ, ಕೋಳಿ ಸಾಕಿದವರಿಗೆ, ಹೋಟೆಲಿಗೆ ಹೋಯಿತು. ಜಮೀನು ಹೋದ ಮನೆಗಳು ಕೆಲವೇ. ಆದರೆ ಆ ದುಡ್ಡು ಒಂದು ಕೈಯಲ್ಲಿ ನಿಲ್ಲದೆ ಓಡಾಡಿದ್ದರಿಂದ ಊರಿಗೆಲ್ಲಾ ದುಡ್ಡು ಬಂದಂತೆ ಆಯಿತು. ಬೆಲೆ ಏರಬೇಕಾದರೆ ದುಡ್ಡು ಬಂದರೆ ಸಾಲದು, ಹೀಗೆ ಕೈ ಬದಲಿಸುತ್ತಾ ಇರಬೇಕು. ಅದೇ ದುಡ್ಡನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು ಸುಮ್ನೆ ಕೂತವರಿಂದ ನಮ್ಮೂರಿನ ಯಾವ ಬೆಲೆಯೂ ಅಲುಗಲಿಲ್ಲ.

ನಾನು ಪುಸ್ತಕದಲ್ಲಿ ಎರಡು ಪುಟ ಮಾಡಿಕೊಂಡೆ. ಎಡಗಡೆ ಹೊರಗಿನಿಂದ ಬರುವ ಸಾಮಾನು: ಸಕ್ಕರೆ, ಸೋಪು, ಎಣ್ಣೆ, ತೊಗರಿಬೇಳೆ. ಬಲಗಡೆ ಊರಲ್ಲೇ ಸಿಗುವಂಥದ್ದು: ಆಳಿನ ಕೂಲಿ, ನಾಟಿ ಕೋಳಿ, ನಾಟಿ ಮೊಟ್ಟೆ, ಕಟಿಂಗ್ ಅಂಗಡಿಯ ರೇಟು, ಸೈಟಿನ ಬೆಲೆ. ತಿಂಗಳಿಗೊಮ್ಮೆ, ಅದೇ ಸಾಮಾನು, ಅದೇ ಅಳತೆ. ಹಬ್ಬದ ವಾರ ಬರೆಯುತ್ತಿರಲಿಲ್ಲ. ಯುಗಾದಿಯ ಹೊಸತೊಡಕಿನ ದಿನದ ಕೋಳಿ ಬೆಲೆ ನೋಡಿ ವರ್ಷದ ಲೆಕ್ಕ ಹಾಕಲು ಆಗಲ್ಲ, ಅಲ್ವಾ?

ವರ್ಷ ಕಳೆಯುವಷ್ಟರಲ್ಲಿ ಎರಡು ಪುಟ ಎರಡು ದಾರಿ ಹಿಡಿದಿದ್ದವು. ಎಡಗಡೆ ಹೆಚ್ಚೇನೂ ಆಗಿರಲಿಲ್ಲ. ಸಕ್ಕರೆ ಒಂದೆರಡು ರೂಪಾಯಿ ಆಚೀಚೆ ಅಷ್ಟೇ. ಬಲಗಡೆ ಮಾತ್ರ ಗಂಡಾಳಿನ ಕೂಲಿ 350ರಿಂದ 500ಕ್ಕೆ ಬಂದಿತ್ತು. ನಾಟಿ ಕೋಳಿ ಕೆಜಿಗೆ 300 ಇದ್ದದ್ದು 450 ಆಗಿತ್ತು. ರಸ್ತೆ ಬದಿಯ ಸೈಟಿನ ಬೆಲೆ ಕೇಳಿದವರು ಹಾಗೇ ವಾಪಸ್ ಹೋಗುತ್ತಿದ್ದರು.

ಕಾರಣ ಸರಳ. ಊರಲ್ಲಿ ಎಷ್ಟೇ ದುಡ್ಡು ಬರಲಿ, ಸಕ್ಕರೆ ಬೆಲೆಯನ್ನು ನಮ್ಮೂರು ನಿರ್ಧಾರ ಮಾಡುವುದಿಲ್ಲ. ಜನ ಜಾಸ್ತಿ ಕೊಂಡರೆ ನಾನು ಮಂಡ್ಯದ ಸಗಟು ಅಂಗಡಿಯಿಂದ ಇನ್ನೆರಡು ಮೂಟೆ ಹಾಕಿಸಿಕೊಳ್ಳುತ್ತೇನೆ, ಅದೇ ರೇಟಿಗೆ. ಪ್ಯಾಕೆಟ್ ಸಾಮಾನಿನ ಮೇಲೆ ಎಂಆರ್‌ಪಿ ಅಚ್ಚಾಗಿರುತ್ತದೆ, ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಗೆ ತೆಗೆದುಕೊಂಡರೂ ಕಾನೂನಿಗೆ ವಿರುದ್ಧ. ಆದರೆ ಗಾರೆಯವರನ್ನು, ನಾಟಿ ಕೋಳಿಯನ್ನು, ಸೈಟನ್ನು ಮೂಟೆ ಲೆಕ್ಕದಲ್ಲಿ ತರಿಸಲು ಆಗಲ್ಲ. ಇರುವಷ್ಟೇ ಇದೆ, ಕೊಳ್ಳುವ ದುಡ್ಡು ಹೆಚ್ಚಾಗಿದೆ. ಏರಿಕೆ ಅಲ್ಲೇ ಕಂಡಿತು.

ಇದರಲ್ಲಿ ನನಗೆ ತುಂಬಾ ನೋವು ಕೊಟ್ಟ ವಿಷಯ ಏರಿಕೆಯ ಸರದಿ. ನಾಟಿ ಹಾಕುವ ಕೂಲಿಗೆ ಹೋಗುವ ಒಬ್ಬ ಹೆಂಗಸು ಒಂದು ಸಂಜೆ ಕೇಳಿದರು: "ನನ್ ಕೂಲಿ ಇದ್ದಂಗೇ ಅದೆ ಕಣಣ್ಣ, ಮೊಟ್ಟೆ ಮಾತ್ರ ಯಾಕಣ್ಣ ಏರ್ತಾನೇ ಅದೆ?" ದುಡ್ಡು ಮೊದಲು ಸಿಕ್ಕವರು ಹಳೇ ಬೆಲೆಗೇ ಸಾಮಾನು ಕೊಂಡರು, ಹಳೇ ಕೂಲಿಗೇ ಕೆಲಸ ಮಾಡಿಸಿದರು. ಅವರ ಖರ್ಚಿನಿಂದ ಬೆಲೆ ಏರಿತು. ಮೊದಲು ಗಾರೆ ಕೆಲಸದವರ ಕೂಲಿ ಹೆಚ್ಚಿತು, ಆಮೇಲೆ ಗಂಡಾಳುಗಳದ್ದು. ಹೆಂಗಸರ ನಾಟಿ ಕೂಲಿ ಹೆಚ್ಚಿದ್ದು ಮುಂದಿನ ಸಲ ನಾಲೆಗೆ ನೀರು ಬಿಟ್ಟಾಗ, ಆಳು ಸಿಗದೆ ಪರದಾಡಿದಾಗ. ಅಲ್ಲಿಯವರೆಗೆ ಅವರು ಹಳೇ ಕೂಲಿಯಲ್ಲಿ ಹೊಸ ಬೆಲೆ ತೆತ್ತರು. ಸರಾಸರಿ ಬೆಲೆ ಎಷ್ಟು ಏರಿತು ಅಂತ ಹೇಳುವ ಲೆಕ್ಕದಲ್ಲಿ ಇದು ಕಾಣುವುದೇ ಇಲ್ಲ. ಅದಕ್ಕೇ ಆ ಹೆಂಗಸರ ಉದ್ರಿಯನ್ನು ಆ ವರ್ಷ ನಾನು ಒತ್ತಾಯ ಮಾಡಿ ವಸೂಲಿ ಮಾಡಲಿಲ್ಲ.

ಇದರ ಉಲ್ಟಾ ಕೂಡ ನೋಡಿದ್ದೇನೆ. 2016ರ ನವೆಂಬರ್ 8ರಂದು 500, 1000ದ ನೋಟು ರದ್ದಾದಾಗ ಚಲಾವಣೆಯ ಮೌಲ್ಯದಲ್ಲಿ ಸುಮಾರು ಶೇಕಡ 86ರಷ್ಟು ನೋಟು ಒಂದೇ ರಾತ್ರಿಯಲ್ಲಿ ಬೆಲೆ ಕಳೆದುಕೊಂಡವು. ಆಗ ಸೋಪಿನ ಬೆಲೆ ಇಳಿಯಲಿಲ್ಲ. ತರಕಾರಿ ಬೆಲೆ ಕುಸಿಯಿತು, ಏಕೆಂದರೆ ಬೆಳೆದವನು ಅದನ್ನು ಇಟ್ಟುಕೊಂಡು ಕಾಯಲು ಆಗಲ್ಲ. ಊರಲ್ಲಿ ವ್ಯಾಪಾರ ಪೂರ್ತಿ ನಿಲ್ಲದೇ ಇದ್ದದ್ದು ಉದ್ರಿಯಿಂದ. ನನ್ನ ಪುಸ್ತಕದಲ್ಲಿ ಬರೆದ ಸಾಲವೇ ಕೆಲವು ವಾರ ನೋಟಿನ ಕೆಲಸ ಮಾಡಿತು.

ಬೆಲೆ ಏರಿದಾಗಲೆಲ್ಲಾ ದುಡ್ಡೇ ಕಾರಣ ಅಂತ ಹೇಳಲು ಆಗಲ್ಲ. ನಾನು ನೋಡುವುದು ಏರಿಕೆ ಎಷ್ಟು ಸಾಮಾನಿಗೆ ಹರಡಿದೆ ಅಂತ. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ 100 ದಾಟಿತು. ಅದರ ಪಕ್ಕದ ಸಾಮಾನುಗಳು ಹಾಗೆ ಏರಲಿಲ್ಲ, ಬೆಳೆ ಬಂದ ಮೇಲೆ ಟೊಮೆಟೊ ಇಳಿಯಿತು. ಅದು ಬೆಳೆ ಕೊರತೆ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ಸೂರ್ಯಕಾಂತಿ ಎಣ್ಣೆ ಏರಿದ್ದೂ ಹಾಗೇ. ಬಲಗಡೆ ಪುಟ ಪೂರ್ತಿ ಏರಿ ಎಡಗಡೆ ಸುಮ್ಮನಿದ್ದರೆ ಅದು ನಮ್ಮೂರಿಗೆ ಬಂದ ದುಡ್ಡು. ಎರಡೂ ಪುಟ ನಿಧಾನವಾಗಿ ಒಟ್ಟಿಗೆ ಏರುತ್ತಾ, ಇಳಿಯದೇ ಇದ್ದರೆ, ದೇಶದಲ್ಲೇ ದುಡ್ಡಿನ ಬೆಲೆ ಕಮ್ಮಿಯಾಗುತ್ತಿದೆಯಾ ಅಂತ ಅನುಮಾನ ಪಡಬೇಕು. ಆಗ 5 ರೂಪಾಯಿ ಬಿಸ್ಕತ್ ಪ್ಯಾಕೆಟ್ಟಿನ ತೂಕವನ್ನೂ ಬರೆಯುತ್ತೇನೆ. ಬೆಲೆ 5 ರೂಪಾಯಿಯೇ ಇರುತ್ತದೆ, ಗ್ರಾಂ ಕಮ್ಮಿಯಾಗುತ್ತಾ ಬರುತ್ತದೆ.

ನೋಟು ಎಷ್ಟು ಹೆಚ್ಚಿತೋ ಬೆಲೆಯೂ ಅಷ್ಟೇ ಹೆಚ್ಚುತ್ತದೆ ಅನ್ನುವುದೂ ಸರಿಯಲ್ಲ. ನೋಟು ರದ್ದಾಗುವ ಮೊದಲು ದೇಶದಲ್ಲಿ ಸುಮಾರು 18 ಲಕ್ಷ ಕೋಟಿ ರೂಪಾಯಿಯ ನೋಟು ಓಡಾಡುತ್ತಿತ್ತು. 2024ರ ಮಾರ್ಚ್ ಹೊತ್ತಿಗೆ ಅದು ಸುಮಾರು 35 ಲಕ್ಷ ಕೋಟಿ. ಬೆಲೆಗಳು ಅದೇ ಲೆಕ್ಕದಲ್ಲಿ ಎರಡರಷ್ಟಾಗಲಿಲ್ಲ. ಈ ನಡುವೆ ಕೊಳ್ಳುವ ಸಾಮಾನೂ ಜಾಸ್ತಿಯಾಗಿದೆ, ಬೀರುವಿನಲ್ಲಿ ಕೂತ ನೋಟೂ ಇದೆ.

ಅಂಗಡಿ ಉಳಿಸಿಕೊಳ್ಳಲು ನಾನು ಮಾಡಿದ ಬದಲಾವಣೆ ಬಿಡಿ ಸಾಮಾನಿನ ಬೆಲೆ ಹಾಕುವುದರಲ್ಲಿ. 2,100ಕ್ಕೆ ತಂದ ಎಣ್ಣೆ ಟಿನ್ನನ್ನು ಬಿಡಿಯಾಗಿ ಮಾರಿ 2,250 ಬಂತು ಅನ್ನಿ. 150 ಲಾಭ ಅನ್ನಿಸುತ್ತದೆ. ಆದರೆ ಮುಂದಿನ ಟಿನ್ 2,400 ಆಗಿದ್ದರೆ, ಕೈಯಲ್ಲಿರುವ ದುಡ್ಡಿಗೆ ಒಂದು ಟಿನ್ ಕೂಡ ಬರಲ್ಲ. ಹೀಗೇ ನಡೆದರೆ ಲಾಭ ಬರೆಯುತ್ತಲೇ ಬಂಡವಾಳ ಕರಗುತ್ತದೆ. ಅದಕ್ಕೇ ಏರುವ ಕಾಲದಲ್ಲಿ ನಾನು ತಂದ ಬೆಲೆ ನೋಡಲ್ಲ. ಬೆಳಿಗ್ಗೆ ಮಂಡ್ಯಕ್ಕೆ ಫೋನ್ ಮಾಡಿ ಇವತ್ತಿನ ಸಗಟು ರೇಟು ಕೇಳುತ್ತೇನೆ, ಅದರ ಮೇಲೆ ಬೆಲೆ ಹಾಕುತ್ತೇನೆ. ಇಳಿದ ದಿನವೂ ಅದೇ ನಿಯಮ, ಹಳೇ ಸ್ಟಾಕ್ ಇದೆ ಅಂತ ಜಾಸ್ತಿ ತೆಗೆದುಕೊಳ್ಳಲ್ಲ.

2023ರಲ್ಲಿ ಗೃಹಲಕ್ಷ್ಮಿಯ 2,000 ಶುರುವಾದಾಗ ಮತ್ತೆ ಬೆಲೆ ಏರುತ್ತೆ ಅಂತ ಬಹಳ ಜನ ಹೇಳಿದರು. ನನ್ನ ಬಲಗಡೆ ಪುಟದಲ್ಲಿ ಅಂಥ ಏರಿಕೆ ಕಾಣಲಿಲ್ಲ. ಆ ದುಡ್ಡು ಸರ್ಕಾರದ ಖಜಾನೆಯಿಂದ ಬರುವುದು, ಹೊಸದಾಗಿ ಅಚ್ಚು ಹಾಕಿದ್ದಲ್ಲ. ಜೊತೆಗೆ ಅದು ಮನೆಮನೆಗೂ ಹಂಚಿಹೋಗಿ ಬೇಳೆ, ಎಣ್ಣೆ, ಮಕ್ಕಳ ಪುಸ್ತಕಕ್ಕೆ ಖರ್ಚಾಗುತ್ತದೆ. ಅವನ್ನು ಎಷ್ಟು ಬೇಕಾದರೂ ತರಿಸಬಹುದು. ದುಡ್ಡು ಜಮಾ ಆದ ವಾರ ನಾನು ತೊಗರಿಬೇಳೆ ಒಂದು ಮೂಟೆ ಹೆಚ್ಚಿಗೆ ಹಾಕಿಸುತ್ತೇನೆ, ರೇಟು ಮಾತ್ರ ಮುಟ್ಟುವುದಿಲ್ಲ.